ಯುಟಿಲಿಟಿಗೆ ಶೀಟು ಹಾಕಿಸಿದ ಮೇಲೆ ಬಟ್ಟೆ ಒಣಗುತ್ತಿಲ್ಲ, ಎಕ್ಸಾಸ್ಟ್ ಫ್ಯಾನ್ ಇದ್ದೂ ಮುಗ್ಗಲು ವಾಸನೆ

ಕಡಿಯಾಳಿ ಹಿತ್ತಿಲು
ಉಡುಪಿಯಲ್ಲಿ ಚಿಕ್ಕ ಮನೆ. ಅಡುಗೆಮನೆಯ ಹಿಂದೆ ಐದು ಅಡಿ ಅಗಲ, ಎಂಟು ಅಡಿ ಉದ್ದದ ಯುಟಿಲಿಟಿ. ಮೊದಲು ಮೇಲೆ ತಗಡು ಮಾತ್ರ ಇತ್ತು. ಮಳೆಗಾಲದಲ್ಲಿ ಇರಿಚಲು ಹೊಡೆದು ವಾಷಿಂಗ್ ಮೆಷಿನ್ ನೆನೆಯುತ್ತಿತ್ತು ಎಂದು ಬೇಸಿಗೆಯಲ್ಲಿ ಪೂರ್ತಿ ಮುಚ್ಚಿಸಿದೆವು. ಪಶ್ಚಿಮಕ್ಕೆ ಪಾಲಿಕಾರ್ಬೊನೇಟ್ ಶೀಟು, ಉತ್ತರಕ್ಕೆ ಗಾಜಿನ ಅಲ್ಯೂಮಿನಿಯಂ ಬಾಗಿಲು, ದಕ್ಷಿಣಕ್ಕೆ ಕಾಂಪೌಂಡ್ ಗೋಡೆ ಮತ್ತು ಅದರ ಮೇಲೆ ಮಾಡಿನವರೆಗೆ ಶೀಟು. ಪಶ್ಚಿಮದ ಶೀಟಿನಲ್ಲಿಯೇ ಆರು ಇಂಚಿನ ಎಕ್ಸಾಸ್ಟ್ ಇದೆ, ಹಗಲಿಡೀ ಓಡುತ್ತದೆ. ಆದರೂ ಬೆಳಿಗ್ಗೆ ಹಾಕಿದ ಬಟ್ಟೆ ಮರುದಿನ ಸಂಜೆಗೂ ತಣ್ಣಗೆ ಹಸಿಯಾಗಿರುತ್ತದೆ, ವಾಸನೆ ಬೇರೆ. ಶೀಟು ಹಾಕುವ ಮೊದಲೇ ಬೇಗ ಒಣಗುತ್ತಿತ್ತು! ಹೀಟರ್ ಇಡುವುದೋ, ಡ್ರೈಯರ್ ಕೊಳ್ಳುವುದೋ ತಿಳಿಯುತ್ತಿಲ್ಲ.

ಸುರತ್ಕಲ್ ಭಟ್
ವಾಸನೆ ಬರುವುದು ಮೆಷಿನ್ನಿನ ಡ್ರಮ್ಮಿನಿಂದ. ಬಟ್ಟೆ ಹಾಕದೆ ಒಮ್ಮೆ ಬಿಸಿನೀರಿನಲ್ಲಿ ಓಡಿಸಿ, ಸೋಪುಪುಡಿ ಅರ್ಧ ಮಾಡಿ. ನಮ್ಮ ಮನೆಯಲ್ಲಿ ಅಷ್ಟಕ್ಕೇ ಸರಿಹೋಯಿತು.

ಕಡಿಯಾಳಿ ಹಿತ್ತಿಲು
ಡ್ರಮ್ ತೊಳೆದಿದ್ದೇನೆ ಸರ್. ಮೆಷಿನ್ನಿನಿಂದ ತೆಗೆಯುವಾಗ ಬಟ್ಟೆಗೆ ವಾಸನೆ ಇರುವುದಿಲ್ಲ, ರಾತ್ರಿಯಾದ ಮೇಲೆ ಶುರುವಾಗುತ್ತದೆ.

ಫ್ಯಾನ್ ಕೆಲಸ ಕೂಳೂರು
ಹಾಗಾದರೆ ಡ್ರಮ್ಮನ್ನು ಬಿಟ್ಟುಬಿಡಿ. ಬಟ್ಟೆ ಹೊತ್ತುಗಟ್ಟಲೆ ಹಸಿಯಾಗಿಯೇ ಇರುವುದರಿಂದ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಬರುವ ವಾಸನೆ ಅದು.

ಒಂದು ಕೆಲಸ ಮಾಡಿ. ಅಡುಗೆಮನೆಯ ಬಾಗಿಲು, ಗಾಜಿನ ಬಾಗಿಲು ಎರಡನ್ನೂ ಮುಚ್ಚಿ ಫ್ಯಾನ್ ಹಾಕಿ. ವಾರ್ತಾಪತ್ರಿಕೆಯ ಒಂದು ಪಟ್ಟಿ ಹರಿದು ಫ್ಯಾನಿನ ಎದುರು ಒಳಗಡೆ ಹಿಡಿಯಿರಿ. ಆಮೇಲೆ ಅಡುಗೆಮನೆಯ ಬಾಗಿಲು ತೆರೆದು ಮತ್ತೊಮ್ಮೆ ಹಿಡಿಯಿರಿ. ಎರಡು ಸಲವೂ ಕಾಗದ ಹೇಗೆ ವರ್ತಿಸಿತು, ಫ್ಯಾನಿನ ಸದ್ದು ಬದಲಾಯಿತೇ ಎಂದು ತಿಳಿಸಿ. ಯುಟಿಲಿಟಿಯಲ್ಲಿ ಮೆಷಿನ್ ಬಿಟ್ಟು ಇನ್ನೇನೇನು ಇದೆ?

ಬ್ರಹ್ಮಾವರ ಅಕ್ಕ
ನಮ್ಮ ಹಳೆಯ ಮನೆಯಲ್ಲಿ ಆಟಿ ತಿಂಗಳಿನಲ್ಲಿ ಬಚ್ಚಲಿನ ಹಂಡೆ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಬಟ್ಟೆ ಹಾಕುತ್ತಿದ್ದರು. ರಾತ್ರಿ ಕಳೆಯುವಷ್ಟರಲ್ಲಿ ಗರಿಗರಿ. ಹೊಗೆಯ ವಾಸನೆ ಮಾತ್ರ ಶಾಲೆಯವರೆಗೂ ಬರುತ್ತಿತ್ತು. ಹೀಟರ್ ಇಟ್ಟರೆ ತಪ್ಪೇನು? ಬಿಸಿ ತಾಗಿದರೆ ಒಣಗಲೇಬೇಕಲ್ಲ.

ಮಣಿಪಾಲ ಮೂರನೇ ಮಹಡಿ
ಡಿಹ್ಯೂಮಿಡಿಫೈಯರ್ ತೆಗೆದುಕೊಳ್ಳಿ. ನಮ್ಮ ಫ್ಲ್ಯಾಟಿನಲ್ಲಿ ಒಂದು ಕೋಣೆ ಮುಚ್ಚಿ ಬಟ್ಟೆ ಹರಡಿ ಅದನ್ನು ಓಡಿಸುತ್ತೇವೆ, ಬೆಳಿಗ್ಗೆ ಟ್ಯಾಂಕಿನಲ್ಲಿ ಲೀಟರುಗಟ್ಟಲೆ ನೀರು. ನಿಮ್ಮ ಯುಟಿಲಿಟಿಯಲ್ಲೇ ಇಟ್ಟುಬಿಡಿ.

ಕಡಿಯಾಳಿ ಹಿತ್ತಿಲು
ಎರಡೂ ಬಾಗಿಲು ಮುಚ್ಚಿದಾಗ ಕಾಗದ ಅಲ್ಲಾಡಲೇ ಇಲ್ಲ. ಹೊರಗೆ ಜೋರು ಗಾಳಿ ಬಂದಾಗ ನನ್ನ ಕಡೆಗೇ ಬಂತು! ಅಡುಗೆಮನೆಯ ಬಾಗಿಲು ತೆರೆದ ಕೂಡಲೇ ಫ್ಯಾನಿಗೆ ಅಂಟಿಕೊಂಡಿತು, ಸದ್ದೂ ಬದಲಾಯಿತು. ಅಲ್ಲಿ ಮೆಷಿನ್, ಸಿಂಕ್, ಗ್ಯಾಸ್ ಸಿಲಿಂಡರ್ ಮತ್ತು ಗೋಡೆಗೆ ಗ್ಯಾಸ್ ಗೀಸರ್ ಇವೆ.

ಫ್ಯಾನ್ ಕೆಲಸ ಕೂಳೂರು
ಮೊದಲು ಗೀಸರ್. ಬಟ್ಟೆಯ ವಿಷಯ ಆಮೇಲೆ. ಉತ್ತರದ ಬಾಗಿಲು ತೆರೆದಿಡದೆ ಇಂದಿನಿಂದ ಗೀಸರ್ ಹಚ್ಚಬೇಡಿ. ಗಾಳಿ ಸಾಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗೀಸರ್ ಉರಿಯುವಾಗ ಈ ಎಕ್ಸಾಸ್ಟ್ ಕೂಡ ಬೇಡ, ಹೊಗೆಯನ್ನು ವಾಪಸು ಎಳೆಯಬಹುದು. ನಿಮ್ಮ ಬಡಗಿ ಮಳೆಯ ಬಗ್ಗೆ ಯೋಚಿಸಿದ್ದಾರೆ, ಗೀಸರಿನ ಬಗ್ಗೆ ಯೋಚಿಸಿಲ್ಲ.

ಈಗ ಬಟ್ಟೆ. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಅಷ್ಟೇ ಗಾಳಿ ಇನ್ನೊಂದು ಕಡೆಯಿಂದ ಒಳಗೆ ಬರಬೇಕು. ನಿಮ್ಮಲ್ಲಿ ಬರಲು ದಾರಿಯೇ ಇಲ್ಲ. ಸಾಲದ್ದಕ್ಕೆ ಫ್ಯಾನ್ ಇರುವುದು ಮಳೆಗಾಲದ ಗಾಳಿಗೆ ಎದೆಕೊಟ್ಟು ನಿಂತ ಪಶ್ಚಿಮದ ಗೋಡೆಯಲ್ಲಿ. ರೆಕ್ಕೆ ತಿರುಗುತ್ತದೆ, ಕೆಲಸ ನಡೆಯುವುದಿಲ್ಲ.

ಒಂದು ಸಣ್ಣ ಲೆಕ್ಕ. ನಾಲ್ಕು ಕಿಲೋ ಒಣ ಬಟ್ಟೆಯನ್ನು ತೊಳೆದು ಹಿಂಡಿದ ಮೇಲೂ ಅದರಲ್ಲಿ ಸುಮಾರು ಎರಡೂವರೆ ಲೀಟರ್ ನೀರು ಉಳಿದಿರುತ್ತದೆ. ನಿಮ್ಮ ಯುಟಿಲಿಟಿಯಲ್ಲಿರುವ ಗಾಳಿ ಹೆಚ್ಚೆಂದರೆ ಹತ್ತು ಘನ ಮೀಟರ್. ಇಪ್ಪತ್ತೆಂಟು ಡಿಗ್ರಿ ಸೆಖೆಯಲ್ಲಿ, ಶೇಕಡಾ 85 ತೇವಾಂಶವಿರುವಾಗ, ಒಂದು ಘನ ಮೀಟರ್ ಗಾಳಿ ಇನ್ನು ನಾಲ್ಕು ಗ್ರಾಂ ನೀರು ಹೀರಿದರೆ ತುಂಬಿಹೋಯಿತು. ಅಂದರೆ ಒಳಗಿನ ಗಾಳಿ ಒಟ್ಟು ನಲವತ್ತು ಗ್ರಾಂ ಹೀರಿ ಕೈಚೆಲ್ಲುತ್ತದೆ. ಅಕ್ಕ ಹೇಳಿದ ಹಾಗೆ ಹೀಟರ್ ಇಟ್ಟು ಆರು ಡಿಗ್ರಿ ಏರಿಸಿದರೆ ಇನ್ನೊಂದು ನೂರು ಗ್ರಾಂ ಹೀರೀತು, ಅಷ್ಟೇ. ಆ ಗಾಳಿ ಹೊರಗೆ ಹೋಗದಿದ್ದರೆ ರಾತ್ರಿ ತಣಿದಾಗ ಅದೇ ನೀರು ಶೀಟಿನ ಒಳಮೈಗೆ ಹನಿಕಟ್ಟಿ ಬಟ್ಟೆಯ ಮೇಲೆಯೇ ಬೀಳುತ್ತದೆ. ಬಚ್ಚಲಿನ ಒಲೆಯ ಮೇಲೆ ಒಣಗುತ್ತಿದ್ದದ್ದು ಹಂಚಿನ ಮಾಡಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತಿದ್ದುದರಿಂದ. ಶೀಟಿನಲ್ಲಿ ಹಂಚಿನ ಸಂದಿ ಇಲ್ಲವಲ್ಲ.

ಹಾಗಾಗಿ ಹೀಗೆ ಮಾಡಿಸಿ. ದಕ್ಷಿಣದ ಕಾಂಪೌಂಡಿನ ಮೇಲಿನ ಶೀಟಿನಲ್ಲಿ ಅಡಿಯಗಲದ ಲೂವರ್ ಇಡಿ, ಪಟ್ಟಿಗಳು ಹೊರಕ್ಕೆ ಕೆಳಮುಖವಾಗಿರಲಿ. ಉತ್ತರದ ಬಾಗಿಲಿನ ಕೆಳಗಿನ ಗಾಜು ತೆಗೆದು ನೆಲದಿಂದ ಒಂದು ಅಡಿ ಎತ್ತರದವರೆಗೆ ಗ್ರಿಲ್ ಮತ್ತು ಸೊಳ್ಳೆ ಜಾಲರಿ ಹಾಕಿಸಿ. ಅಡುಗೆ ಗ್ಯಾಸ್ ಸೋರಿದರೆ ನೆಲದ ಮಟ್ಟದಲ್ಲಿಯೇ ಹರಡುತ್ತದೆ, ಅದಕ್ಕೂ ಈ ದಾರಿ ಬೇಕು. ಎಕ್ಸಾಸ್ಟನ್ನು ಪಶ್ಚಿಮದಿಂದ ತೆಗೆದು ಉತ್ತರದ ಬಾಗಿಲಿನ ಮೇಲ್ಭಾಗಕ್ಕೆ ತನ್ನಿ. ಆಗ ಹೊರಗಿನ ಗಾಳಿ ಅದನ್ನು ತಡೆಯುವುದಿಲ್ಲ, ಬಹುಪಾಲು ಸಹಾಯವನ್ನೇ ಮಾಡುತ್ತದೆ.

ಕಡಿಯಾಳಿ ಹಿತ್ತಿಲು
ಗೀಸರಿನ ವಿಷಯ ಓದಿ ಗಾಬರಿಯಾಯಿತು. ಬಾಗಿಲು ತೆರೆದಿಟ್ಟಿದ್ದೇನೆ. ಕೆಲಸದವರು ಬರುವ ಮೊದಲು ಪರೀಕ್ಷಿಸಿ ನೋಡಬಹುದೇ?

ಫ್ಯಾನ್ ಕೆಲಸ ಕೂಳೂರು
ಅಡುಗೆಮನೆಯ ತಕ್ಕಡಿ ಸಾಕು. ಒಂದು ಟವೆಲನ್ನು ಒಣಗಿದ್ದಾಗ, ಹಿಂಡಿದ ಮೇಲೆ ಮತ್ತು ನಾಲ್ಕು ಗಂಟೆ ನೇತುಹಾಕಿದ ಮೇಲೆ ತೂಗಿ. ಒಂದು ದಿನ ಎಲ್ಲ ಮುಚ್ಚಿ, ಮರುದಿನ ಬಾಗಿಲು ತೆರೆದು ಟೇಬಲ್ ಫ್ಯಾನನ್ನು ಬಟ್ಟೆಗೆ ಅಡ್ಡವಾಗಿ ಬಿಟ್ಟು.

ಮಣಿಪಾಲದವರೇ, ನಿಮ್ಮ ಯಂತ್ರ ಮುಚ್ಚಿದ ಕೋಣೆಗೆ ಒಳ್ಳೆಯದು. ಇವರು ಗೀಸರಿಗಾಗಿ ತೆರೆದಿಡಲೇಬೇಕಾದ ಯುಟಿಲಿಟಿಯಲ್ಲಿ ಇಟ್ಟರೆ ಇಡೀ ಕಡಿಯಾಳಿಯನ್ನೇ ಒಣಗಿಸಲು ಹೊರಟಂತೆ.

ಮಣಿಪಾಲ ಮೂರನೇ ಮಹಡಿ
ಒಪ್ಪಿದೆ. ಮಲಗುವ ಕೋಣೆಯಲ್ಲಾದರೆ?

ಫ್ಯಾನ್ ಕೆಲಸ ಕೂಳೂರು
ಅಲ್ಲಿ ಸರಿ. ಕೋಣೆ ಸ್ವಲ್ಪ ಬಿಸಿಯಾಗುತ್ತದೆ, ಸಹಿಸಿಕೊಳ್ಳಬೇಕು.

ಕಡಿಯಾಳಿ ಹಿತ್ತಿಲು
ತೂಗಿದೆ. ಒಣ ಟವೆಲ್ 380 ಗ್ರಾಂ, ಹಿಂಡಿದ ಮೇಲೆ 700. ಮುಚ್ಚಿಟ್ಟ ದಿನ ನಾಲ್ಕು ಗಂಟೆಯಲ್ಲಿ 640ಕ್ಕೆ ಇಳಿಯಿತು. ತೆರೆದು ಫ್ಯಾನ್ ಬಿಟ್ಟ ದಿನ 510. ಅಂದು ಮಳೆಯೂ ಇತ್ತು.

ಫ್ಯಾನ್ ಕೆಲಸ ಕೂಳೂರು
ಮುಚ್ಚಿದ ದಿನ 60 ಗ್ರಾಂ, ತೆರೆದ ದಿನ 190. ಬೇರೆ ಪುರಾವೆ ಬೇಡ. 700 ಎಂಬುದೂ ತುಸು ಹೆಚ್ಚಾಯಿತು. ಮೆಷಿನ್ ನಿಂತ ಮೇಲೆ ಸ್ಪಿನ್ ಒಂದನ್ನೇ ಮತ್ತೊಮ್ಮೆ ಕೊಟ್ಟು ತೂಗಿ ನೋಡಿ. ಮೂವತ್ತು ಗ್ರಾಂ ಇಳಿದರೂ ಲಾಭವೇ, ಆ ನೀರನ್ನು ಗಾಳಿ ಹೊರಬೇಕಾಗಿಲ್ಲ. ಸರಿಗೆಯಲ್ಲಿ ಬಟ್ಟೆ ಒಂದಕ್ಕೊಂದು ತಾಗದಿರಲಿ, ಜೀನ್ಸ್ ಒಳಮೈ ಹೊರಗೆ ಮಾಡಿ ಹಾಕಿ.

ಆದರೆ ಜುಲೈಯಲ್ಲಿ ಬಿಡದೆ ಸುರಿಯುವ ದಿನ ತೇವಾಂಶ 95 ದಾಟಿದರೆ ಇದೂ ಕುಂಟುತ್ತದೆ. ಹೊರಗಿನ ಗಾಳಿಯೇ ತುಂಬಿರುವಾಗ ಯಾವ ಫ್ಯಾನೂ ಏನೂ ಮಾಡಲಾರದು. ಅಂಥ ದಿನ ಅಗತ್ಯದ ಬಟ್ಟೆ ಮಾತ್ರ ಒಗೆಯಿರಿ, ಇಲ್ಲವೇ ಮಣಿಪಾಲದ ದಾರಿ.

ಸುರತ್ಕಲ್ ಭಟ್
ದಕ್ಷಿಣದ ಲೂವರಿನಿಂದ ಇರಿಚಲು ಬರುವುದಿಲ್ಲವೇ? ನೈಋತ್ಯದ ಮಳೆ ಪಟ್ಟಿಗಳ ಸಂದಿಯಲ್ಲೂ ನುಗ್ಗುತ್ತದೆ ಮಾರಾಯರೇ.

ಫ್ಯಾನ್ ಕೆಲಸ ಕೂಳೂರು
ಬರಬಹುದು. ಹೊರಗೆ ಒಂದೂವರೆ ಅಡಿಯ ತಗಡಿನ ಚಜ್ಜ ಇಳಿಸಿದರೆ ಬಹಳಷ್ಟು ತಪ್ಪುತ್ತದೆ. ಪಕ್ಕದ ಮನೆಯವರ ಜಾಗಕ್ಕೆ ಚಾಚಲು ಅವರು ಒಪ್ಪಬೇಕು.

ಕಡಿಯಾಳಿ ಹಿತ್ತಿಲು
ಅದೇ ಕಷ್ಟ, ಅವರ ಬಾವಿಕಟ್ಟೆ ಅಲ್ಲೇ ಇದೆ. ಕೇಳಿ ನೋಡುತ್ತೇನೆ. ಬಾಗಿಲಿನ ಗಾಜು ತೆಗೆಯಲು ಶನಿವಾರ ಬರುತ್ತಾರಂತೆ. ಗೀಸರನ್ನು ಹೊರಗೋಡೆಗೆ ಹಾಕಿಸಬಹುದೇ ಎಂದು ಪ್ಲಂಬರಿಗೆ ಕೇಳಿದರೆ ಬಚ್ಚಲಿಗೆ ಪೈಪ್ ಉದ್ದವಾಗುತ್ತದೆ ಎನ್ನುತ್ತಿದ್ದಾರೆ. ಹಾಗೆ ಮಾಡಿಸಿದವರು ಯಾರಾದರೂ ಇದ್ದರೆ ಬಿಸಿನೀರು ಬರಲು ಎಷ್ಟು ಹೊತ್ತು ಕಾಯಬೇಕು ತಿಳಿಸಿ.