ಎರಡು ಜೆಕೆ ಫ್ಲಿಪ್-ಫ್ಲಾಪ್‌ನ ಸರ್ಕ್ಯೂಟ್: ನನ್ನ ಟೇಬಲ್ ಒಂದು ಹೇಳುತ್ತೆ, ಎಲ್‌ಇಡಿ ಇನ್ನೊಂದು ಹೇಳುತ್ತೆ

ಗೇಟ್‌ಮರಿ

ಮೂರು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೀನಿ. ಕೊಟ್ಟಿರುವ ಸರ್ಕ್ಯೂಟ್‌ನಲ್ಲಿ A, B ಅಂತ ಎರಡು ಜೆಕೆ ಫ್ಲಿಪ್-ಫ್ಲಾಪ್ ಇವೆ. ಎರಡಕ್ಕೂ ಒಂದೇ ಕ್ಲಾಕ್. ಚಿತ್ರ ನೋಡಿ ಬರೆದುಕೊಂಡ ಸಮೀಕರಣಗಳು:

```
JA = x·B      KA = x
JB = x·A'     KB = x
y  = x·A
```

ಸ್ಟೇಟ್ ಟೇಬಲ್, ಸ್ಟೇಟ್ ಡಯಾಗ್ರಾಂ ಬರೆದು, ಸರ್ಕ್ಯೂಟ್ ಏನು ಕೆಲಸ ಮಾಡುತ್ತೆ ಅಂತ ಹೇಳಬೇಕು. ನನಗೆ ಬಂದ ಟೇಬಲ್ ಇದು:

```
A B | x=0 | x=1
0 0 | 00  | 01
0 1 | 01  | 10
1 0 | 10  | 01
1 1 | 11  | 00
```

ಇದರ ಪ್ರಕಾರ 00 ಬಿಟ್ಟು ಒಮ್ಮೆ ಹೊರಟರೆ ಮತ್ತೆ ಅಲ್ಲಿಗೆ ಬರೋದೇ ಇಲ್ಲ, 01 ಮತ್ತು 10ರ ನಡುವೆ ಓಡಾಡುತ್ತಲೇ ಇರುತ್ತೆ. ಆದರೆ ಒಂದು 74HC73, ಒಂದು 74HC08 ಹಾಕಿ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ ನೋಡಿದರೆ x=1 ಇಟ್ಟಾಗ 00, 01, 10, ಮತ್ತೆ 00 ಬರ್ತಿದೆ. ವೈರಿಂಗ್ ಎರಡು ಸಲ ಬಿಚ್ಚಿ ಕಟ್ಟಿದೆ. ತಪ್ಪು ಬೋರ್ಡ್‌ನಲ್ಲಾ, ನನ್ನ ಲೆಕ್ಕದಲ್ಲಾ?

ನಾಲ್ಕನೇಸೆಮ್

ಬೋರ್ಡ್ ಸರಿ ಇದೆ ಬ್ರೋ. `Q+ = J·Q' + K'·Q` ಹಾಕಿ ನೋಡು, 10ರ ಸಾಲಿನಲ್ಲಿ x=1 ಆದಾಗ 00 ಬರಬೇಕು. ಇದು ಮೂರರ ಕೌಂಟರ್ ಅಷ್ಟೆ. ಅಂದಮೇಲೆ 11 ಡೋಂಟ್ ಕೇರ್, ಆ ಸಾಲಿಗೆ ಅಡ್ಡಗೆರೆ ಹಾಕಿಬಿಡು. ನಾವು ಲ್ಯಾಬ್ ರೆಕಾರ್ಡ್‌ನಲ್ಲಿ ಹಾಗೇ ಬರೆದಿದ್ವಿ.

ತಾಮ್ರತಂತಿ

10ರ ಸಾಲಿನ ಬಗ್ಗೆ ಹೇಳಿದ್ದು ಸರಿ. 11ರ ಬಗ್ಗೆ ಹೇಳಿದ್ದು ಸರಿಯಿಲ್ಲ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಗೇಟ್‌ಮರಿಯವರೇ, ಒಂದು ಪ್ರಶ್ನೆ. ಆ ಸಾಲಿನಲ್ಲಿ x=1 ಇದ್ದಾಗ JB ಎಷ್ಟು ಅಂತ ಬರೆದುಕೊಂಡಿರಿ?

ಗೇಟ್‌ಮರಿ

JB = 1 ಅಂತ ಸರ್. A=1, B=0 ಇದ್ದಾಗ JA=0, KA=1, ಹಾಗಾಗಿ A ಸೊನ್ನೆ ಆಯ್ತು. A ಸೊನ್ನೆ ಆದಮೇಲೆ A' ಒಂದು ತಾನೇ? JB=1, KB=1, ಆದ್ದರಿಂದ B ಮಗುಚಿ 1 ಆಯ್ತು.

ತಾಮ್ರತಂತಿ

"ಆದಮೇಲೆ" ಅಂದಿರಲ್ಲ, ತಪ್ಪಿರುವುದು ಅಲ್ಲೇ. ಕ್ಲಾಕ್ ಎಡ್ಜ್ ಬಂದಾಗ A ಮೊದಲು, B ಆಮೇಲೆ ಅಂತ ಸರದಿ ಇಲ್ಲ. ಎರಡೂ ಫ್ಲಿಪ್-ಫ್ಲಾಪ್‌ಗಳು ಎಡ್ಜ್‌ಗೆ ಸ್ವಲ್ಪ ಮುಂಚೆ ತಮ್ಮ ಜೆ, ಕೆ ಕಾಲುಗಳಲ್ಲಿ ಏನಿತ್ತೋ ಅದನ್ನೇ ನೋಡಿ ತೀರ್ಮಾನ ಮಾಡುತ್ತವೆ. A ಬದಲಾದ ಸುದ್ದಿ ಆಂಡ್ ಗೇಟ್ ದಾಟಿ JBಗೆ ತಲುಪುವ ಹೊತ್ತಿಗೆ B ತನ್ನ ಕೆಲಸ ಮುಗಿಸಿರುತ್ತದೆ. ಆ ಸುದ್ದಿ ಮುಂದಿನ ಎಡ್ಜ್‌ಗೆ.

ಈ ತಪ್ಪಾಗದಂತೆ ನಾನು ಮಾಡೋದು ಇಷ್ಟೇ. ಮುಂದಿನ ಸ್ಥಿತಿಯ ಕಾಲಂ ಮುಟ್ಟುವ ಮೊದಲೇ ಎಲ್ಲ ಸಾಲುಗಳ ಜೆ, ಕೆ ಬೆಲೆಗಳನ್ನು ಈಗಿನ A, Bಗಳಿಂದ ತುಂಬಿಬಿಡ್ತೀನಿ. ಆಮೇಲೆ A ಕಾಲಂ ಪೂರ್ತಿ ಒಂದು ಸಲ, B ಕಾಲಂ ಪೂರ್ತಿ ಒಂದು ಸಲ. ಸಾಲು ಸಾಲಾಗಿ ಹೋದರೆ ಕೈ ತಾನಾಗಿ ಹೊಸ Aಯನ್ನು ಎತ್ತಿಕೊಳ್ಳುತ್ತೆ. x=0 ಇದ್ದರೆ ನಾಲ್ಕೂ ಸೊನ್ನೆ, ಇದ್ದಲ್ಲೇ ಇರುತ್ತೆ, y ಕೂಡ ಸೊನ್ನೆ. ಹಾಗಾಗಿ x=1ರ ಅರ್ಧ ಮಾತ್ರ ಬರೀತೀನಿ:

```
A B | JA KA | JB KB | A+ B+ | y
0 0 |  0  1 |  1  1 |  0  1 | 0
0 1 |  1  1 |  1  1 |  1  0 | 0
1 0 |  0  1 |  0  1 |  0  0 | 1
1 1 |  1  1 |  0  1 |  0  0 | 1
```

ಇನ್ನೊಂದು ಗಮನಿಸಿ. ನಿಮ್ಮ ತಪ್ಪು ಪದ್ಧತಿಯಲ್ಲಿ ನಾಲ್ಕು ಸಾಲು ಬರೆದರೂ ಕೆಟ್ಟಿದ್ದು ಒಂದೇ ಸಾಲು. 01 ಮತ್ತು 11ರಲ್ಲೂ A ಬದಲಾಗುತ್ತೆ, ಅಲ್ಲೂ ನೀವು ತಪ್ಪು JB ಹಾಕಿದ್ದೀರಿ. ಆದರೆ ಅಲ್ಲಿ B=1, KB=1. ಜೆ ಸೊನ್ನೆಯಾದರೆ ರೀಸೆಟ್, ಒಂದಾದರೆ ಮಗುಚುತ್ತೆ, ಹೇಗಾದರೂ B ಸೊನ್ನೆಗೇ ಬರುತ್ತೆ. ತಪ್ಪು ಮುಚ್ಚಿಹೋಯ್ತು. ನಾಲ್ಕರಲ್ಲಿ ಮೂರು ಸಾಲು ಸರಿ ಇದೆ ಅಂತ ನಂಬಿ ಬೋರ್ಡ್ ಮೇಲೆ ಅನುಮಾನ ಪಟ್ಟಿರಿ.

ಕೋಡ್‌ಕುರಿ

ಅಯ್ಯೋ, ಇದೇ ಟೇಬಲ್ ನನಗೆ ಸಿಮ್ಯುಲೇಟರ್‌ನಲ್ಲೇ ಬಂದಿತ್ತು! ಪ್ರಶ್ನೆಗೆ ನೇರ ಸಂಬಂಧ ಇಲ್ಲ, ಆದರೂ ಹಾಕ್ತೀನಿ. ವೆರಿಲಾಗ್‌ನಲ್ಲಿ ಹೀಗೆ ಬರೆದಿದ್ದೆ:

```
always @(posedge clk) begin
  A = (x & B & ~A) | (~x & A);
  B = (x & ~A & ~B) | (~x & B);
end
```

ವೇವ್‌ಫಾರಂನಲ್ಲಿ 01, 10, 01, 10. ಎರಡು ಕಡೆಯೂ `=` ತೆಗೆದು `<=` ಹಾಕಿದ ಮೇಲೆ ಮೂರರ ಎಣಿಕೆ ಬಂತು. ಯಾಕೆ ಅಂತ ಇವತ್ತು ಗೊತ್ತಾಯ್ತು.

ತಾಮ್ರತಂತಿ

ಹೌದು, `=` ಹಾಕಿದರೆ ಎರಡನೇ ಸಾಲು ಓದುವ ಹೊತ್ತಿಗೆ A ಹೊಸದಾಗಿರುತ್ತೆ. ಗೇಟ್‌ಮರಿಯವರು ಪೆನ್ಸಿಲ್‌ನಲ್ಲಿ ಮಾಡಿದ್ದನ್ನೇ ನೀವು ಕೋಡ್‌ನಲ್ಲಿ ಮಾಡಿದ್ರಿ.

ಈಗ 11ಕ್ಕೆ ಬರೋಣ. ನಾಲ್ಕನೇಸೆಮ್, ಡೋಂಟ್ ಕೇರ್ ಅನ್ನೋದು ಸರ್ಕ್ಯೂಟ್ ಡಿಸೈನ್ ಮಾಡೋವನ ಸ್ವಾತಂತ್ರ್ಯ. ಇಲ್ಲಿ ಸರ್ಕ್ಯೂಟ್ ಆಗಲೇ ನಮ್ಮ ಮುಂದಿದೆ, ಗೇಟ್‌ಗಳು ತೀರ್ಮಾನ ಮಾಡಿಬಿಟ್ಟಿವೆ. 11ರಲ್ಲಿ x=1 ಬಂದರೆ 00ಗೆ ಹೋಗುತ್ತೆ, x=0 ಇದ್ದರೆ 11ರಲ್ಲೇ ಕೂತಿರುತ್ತೆ. ಡಯಾಗ್ರಾಂನಲ್ಲಿ 11ಕ್ಕೆ ಬರುವ ಬಾಣ ತನ್ನದೇ ಸುತ್ತು ಬಿಟ್ಟರೆ ಬೇರೆ ಇಲ್ಲ, ಹೊರಗೆ ಹೋಗುವ ಬಾಣ ಒಂದಿದೆ. ಅದನ್ನು ಬಿಟ್ಟರೆ ವಿಶ್ಲೇಷಣೆ ಅರ್ಧ.

ಗೇಟ್‌ಮರಿ

ಓ, ಅದಕ್ಕೇ ಇರಬೇಕು! ಪವರ್ ಕೊಟ್ಟಾಗ ಕೆಲವೊಮ್ಮೆ ಎರಡೂ ಎಲ್‌ಇಡಿ ಹತ್ತಿಕೊಂಡಿರುತ್ತೆ. x ಸ್ವಿಚ್ ಹಾಕಿದ ಕೂಡಲೇ y ಎಲ್‌ಇಡಿಯೂ ಹತ್ತುತ್ತೆ, ಕ್ಲಾಕ್ ಒತ್ತೋ ಮುಂಚೆಯೇ. ಅದು 10ರಲ್ಲೂ ಆಗುತ್ತೆ. ಗೇಟ್ ಕೆಟ್ಟಿದೆ ಅಂದುಕೊಂಡು 74HC08 ಬದಲಾಯಿಸಿದ್ದೆ.

ನಾಲ್ಕನೇಸೆಮ್

10ರಲ್ಲಿ y=1 ಅಂದಮೇಲೆ ವೃತ್ತದ ಒಳಗೆ 10/1 ಅಂತ ಬರೆದರೆ ಮುಗೀತು. ಮೂರು ಒಂದು ಬಂದ ತಕ್ಷಣ y ಬರುತ್ತೆ ಅಂದ್ರೆ ಇದು 111 ಸೀಕ್ವೆನ್ಸ್ ಡಿಟೆಕ್ಟರ್.

ತಾಮ್ರತಂತಿ

ಎರಡೂ ಅಲ್ಲ. `y = x·A`ಯಲ್ಲಿ x ಇದೆಯಲ್ಲ, ಆದ್ದರಿಂದ y ಸ್ಥಿತಿಗೆ ಮಾತ್ರ ಕಟ್ಟುಬಿದ್ದಿಲ್ಲ. ಇದು ಮೀಲಿ ಔಟ್‌ಪುಟ್, ಬರೆಯಬೇಕಾದ್ದು ಬಾಣದ ಮೇಲೆ: 10ರಿಂದ 00ಗೆ ಹೋಗುವ ಬಾಣಕ್ಕೆ 1/1, 10ರ ಸುತ್ತುಬಾಣಕ್ಕೆ 0/0. ವೃತ್ತದೊಳಗೆ 10/1 ಅಂತ ಬರೆದರೆ x=0 ಇದ್ದಾಗಲೂ y ಹತ್ತಿರಬೇಕಾಗುತ್ತೆ, ಬೋರ್ಡ್‌ನಲ್ಲಿ ಹಾಗಾಗಲ್ಲ. ಗೇಟ್‌ಮರಿಯವರ ಗೇಟ್ ಚೆನ್ನಾಗೇ ಇತ್ತು. 10ರಲ್ಲಿ ನಿಂತು x ಸ್ವಿಚ್ ಹಾಕಿ ತೆಗೆದು ಮಾಡಿದರೆ ಕ್ಲಾಕ್ ಇಲ್ಲದೆಯೂ y ಮಿನುಗುತ್ತೆ. ಆದರೆ ಲೆಕ್ಕಕ್ಕೆ ಬರೋದು ಎಡ್ಜ್ ಹೊತ್ತಿಗೆ ಇದ್ದ ಬೆಲೆ ಮಾತ್ರ. yಯನ್ನು ಇನ್ನೊಂದು ಕೌಂಟರ್‌ನ ಕ್ಲಾಕ್‌ಗೆ ನೇರ ಕೊಡೋ ಯೋಚನೆ ಇದ್ದರೆ ಬೇಡ, ಸುಳ್ಳು ಎಣಿಕೆ ಬರುತ್ತೆ.

111 ಡಿಟೆಕ್ಟರ್ ಅನ್ನೋದನ್ನು ಒಂದು ಸಾಲು ಇನ್‌ಪುಟ್ ಕೊಟ್ಟು ಪರೀಕ್ಷೆ ಮಾಡೋಣ. 00ರಿಂದ ಶುರು:

```
x      : 1  0  1  1  0  1  1  1
ಸ್ಥಿತಿ  : 00 01 01 10 00 00 01 10
y      : 0  0  0  1  0  0  0  1
```

ನಾಲ್ಕನೇ ಎಡ್ಜ್‌ನಲ್ಲಿ y ಬಂತು, ಆದರೆ ಅಲ್ಲಿ ಸತತ ಮೂರು ಒಂದು ಎಲ್ಲಿದೆ? 111 ಡಿಟೆಕ್ಟರ್ ಆಗಿದ್ದರೆ ನಡುವೆ ಸೊನ್ನೆ ಬಂದ ಕೂಡಲೇ ಮೊದಲಿನಿಂದ ಶುರುಮಾಡಬೇಕಿತ್ತು. ಇಲ್ಲಿ ಸೊನ್ನೆ ಬಂದರೆ ಸುಮ್ಮನೆ ಕಾಯುತ್ತೆ. ಹಾಗಾಗಿ ಕೆಲಸ ಏನು ಅಂದರೆ, x=1 ಇದ್ದ ಎಡ್ಜ್‌ಗಳನ್ನು ಮೂರರಂತೆ ಎಣಿಸಿ, ಪ್ರತಿ ಮೂರನೆಯದಕ್ಕೆ y ಕೊಡುತ್ತೆ. ಇದನ್ನೇ ಎನೇಬಲ್ ಇರುವ ಮೂರರ ಕೌಂಟರ್, y ಅದರ ಕ್ಯಾರಿ ಅಂತಲೂ ಬರೆಯಬಹುದು. ತಪ್ಪಲ್ಲ.

ಪವರ್ ಕೊಟ್ಟಾಗ 11 ಬಂದರೆ ಮೊದಲ ಒಂದಕ್ಕೇ ಸುಳ್ಳು y. 74HC73ರಲ್ಲಿ ಪ್ರತಿ ಫ್ಲಿಪ್-ಫ್ಲಾಪ್‌ಗೂ ರೀಸೆಟ್ ಕಾಲಿದೆ, ಅದನ್ನು ಸೊನ್ನೆಗೆ ಎಳೆದರೆ ಕ್ಲಿಯರ್ ಆಗುತ್ತೆ. ಎರಡನ್ನೂ ಸೇರಿಸಿ, ಒಂದು ರೆಸಿಸ್ಟರ್‌ನಿಂದ ಸಪ್ಲೈಗೆ, ಒಂದು ಕೆಪಾಸಿಟರ್‌ನಿಂದ ಗ್ರೌಂಡ್‌ಗೆ ಕಟ್ಟಿ. ಪವರ್ ಬಂದಾಗ ಸ್ವಲ್ಪ ಹೊತ್ತು ಸೊನ್ನೆಯಲ್ಲಿದ್ದು 00ರಿಂದ ಶುರುವಾಗುತ್ತೆ.

ಬೆಸುಗೆಬೂದಿ

ನಂದು ಉಲ್ಟಾ ಕೇಸು. ಇದೇ ಸರ್ಕ್ಯೂಟ್, ನನ್ನ ಟೇಬಲ್ ತಾಮ್ರತಂತಿಯವರ ಥರ, ಆದರೆ ಬೋರ್ಡ್ ಮೇಲೆ 01, 10, 01 ಅಂತ ಗೇಟ್‌ಮರಿ ಟೇಬಲ್ ಥರ ಬರ್ತಿದೆ. ಐಸಿ ಡೂಪ್ಲಿಕೇಟಾ?

ತಾಮ್ರತಂತಿ

ಐಸಿಗಿಂತ ಮೊದಲು ಕ್ಲಾಕ್ ಬಗ್ಗೆ ಹೇಳಿ. ಎರಡು ಕ್ಲಾಕ್ ಕಾಲುಗಳಿಗೂ ಒಂದೇ ವೈರ್ ಹೋಗಿದೆಯಾ?

ಬೆಸುಗೆಬೂದಿ

ಬಟನ್ ಒಂದೇ. ಆದರೆ ಬೌನ್ಸ್ ಆಗಬಾರದು ಅಂತ ಎರಡೂ ಕ್ಲಾಕ್ ಕಾಲಿಗೆ ಬೇರೆ ಬೇರೆ ರೆಸಿಸ್ಟರ್, ಕೆಪಾಸಿಟರ್, ಶ್ಮಿಟ್ ಇನ್ವರ್ಟರ್ ಹಾಕಿದ್ದೀನಿ. ಕೆಪಾಸಿಟರ್ ಎರಡೂ ಒಂದೇ ಬೆಲೆಯದ್ದು ಸಿಗಲಿಲ್ಲ.

ತಾಮ್ರತಂತಿ

ಹಾಗಾದರೆ Bಯ ಕ್ಲಾಕ್ ತಡವಾಗಿ ಬರ್ತಿರಬೇಕು. ರೆಸಿಸ್ಟರ್-ಕೆಪಾಸಿಟರ್ ತಡ ಮಿಲಿಸೆಕೆಂಡ್ ಲೆಕ್ಕದ್ದು, ಫ್ಲಿಪ್-ಫ್ಲಾಪ್ ಮತ್ತು ಗೇಟಿನ ತಡ ನ್ಯಾನೋಸೆಕೆಂಡ್ ಲೆಕ್ಕದ್ದು. B ಕಣ್ಣುಬಿಡುವಷ್ಟರಲ್ಲಿ A ಬದಲಾಗಿ ಎಷ್ಟೋ ಹೊತ್ತಾಗಿರುತ್ತೆ. ಗೇಟ್‌ಮರಿಯವರ "ಆದಮೇಲೆ" ನಿಮ್ಮ ಬೋರ್ಡ್‌ನಲ್ಲಿ ನಿಜ! ಒಂದೇ ಡಿಬೌನ್ಸ್ ಇಟ್ಟು ಎರಡೂ ಕಾಲನ್ನು ಅದಕ್ಕೇ ಸೇರಿಸಿ.

ಗೇಟ್‌ಮರಿ

ಜೆ, ಕೆ ಕಾಲಂ ಮೊದಲು ತುಂಬಿ ಹೊಸದಾಗಿ ಬರೆದೆ, ಬೋರ್ಡ್ ಜೊತೆ ಎಂಟೂ ಸಾಲು ತಾಳೆಯಾಯ್ತು. 11ಕ್ಕೆ ಬೇಕಂತಲೇ ಹೋಗಿ ನೋಡೋಣ ಅಂದರೆ ದಾರಿಯೇ ಇಲ್ಲ, 74HC73ರಲ್ಲಿ ಪ್ರೀಸೆಟ್ ಕಾಲಿಲ್ಲ. ಪವರ್ ಆಫ್ ಆನ್ ಮಾಡ್ತಾ ಹದಿನೈದನೇ ಸಲಕ್ಕೆ ಸಿಕ್ಕಿತು. ರೀಸೆಟ್ ಕೆಪಾಸಿಟರ್ ಇನ್ನೂ ಹಾಕಿಲ್ಲ.

ಬೆಸುಗೆಬೂದಿ

ಒಂದೇ ಡಿಬೌನ್ಸ್‌ಗೆ ಸೇರಿಸಿದೆ. ಈಗ 00, 01, 10, 00 ಬರ್ತಿದೆ. ಆದರೆ ಅಪರೂಪಕ್ಕೊಮ್ಮೆ ಒಂದು ಸಲ ಒತ್ತಿದರೆ ಎರಡು ಹೆಜ್ಜೆ ಹಾರುತ್ತೆ.

ತಾಮ್ರತಂತಿ

ಅದು ಬೌನ್ಸ್ ಇನ್ನೂ ಪೂರ್ತಿ ಹೋಗಿಲ್ಲ ಅಂತ ಕಾಣುತ್ತೆ, ಸ್ಕೋಪ್ ಇಲ್ಲದೆ ಖಚಿತ ಹೇಳಲಾರೆ. ದೊಡ್ಡ ಕೆಪಾಸಿಟರ್ ಹಾಕಿ ನೋಡಿ, ಹಾರೋದು ನಿಂತರೆ ಹೌದು. ನಿಲ್ಲದಿದ್ದರೆ ಸಪ್ಲೈ ಮತ್ತು ಗ್ರೌಂಡ್ ನಡುವೆ ಐಸಿ ಪಕ್ಕದಲ್ಲೇ ಕೆಪಾಸಿಟರ್ ಇದೆಯಾ ಅಂತ ನೋಡಿ ಬರೆಯಿರಿ.