ಎರಡು ಮಾತ್ರೆಗೂ ಜಗ್ಗದ ಖಿನ್ನತೆ: ಲಿಥಿಯಂ ಸೇರಿಸೋದಾ, ಆರ್‌ಟಿಎಂಎಸ್ ಮಾಡಿಸೋದಾ?

ಕೇಳಿದವರು, ಮಂಡ್ಯ
ಅಮ್ಮನಿಗೆ 63 ವರ್ಷ, ಹೋದ ವರ್ಷದಿಂದ ಖಿನ್ನತೆ. ಎಸ್ಸಿಟಾಲೋಪ್ರಾಮ್ 10 ಎರಡು ತಿಂಗಳು ಕೊಟ್ಟರು, ಆಮೇಲೆ ಸರ್ಟ್ರಾಲಿನ್ 50 ಐದು ವಾರ. ಏನೂ ಗುಣ ಕಾಣಲಿಲ್ಲ. ಈಗ ಡಾಕ್ಟರು ಲಿಥಿಯಂ ಸೇರಿಸೋಣ, ಇಲ್ಲಾ ಮೈಸೂರಿಗೆ ಹೋಗಿ ಆರ್‌ಟಿಎಂಎಸ್ ಮಾಡಿಸಿ ಅಂತಾರೆ. ನಾನು ಓದಿದ ಒಂದು ರಿವ್ಯೂ ಲೇಖನದಲ್ಲಿ ಮೊದಲು ಮಾತ್ರೆ ಸೇರಿಸೋದು, ಆಮೇಲೆ ಆರ್‌ಟಿಎಂಎಸ್, ಕೊನೆಗೆ ಇಸಿಟಿ ಅಂದ್ರೆ ಕರೆಂಟ್ ಶಾಕ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರೆದಿದ್ದಾರೆ. ನಾವು ಯಾವುದರಿಂದ ಶುರು ಮಾಡೋದು? ಅನುಭವ ಇದ್ದವರು ದಯವಿಟ್ಟು ಹೇಳಿ.

ಮದ್ದೂರಿನಿಂದ
ಆರ್‌ಟಿಎಂಎಸ್ ಅಂದ್ರೆ ಅದೇ ಹಳೇ ಕರೆಂಟ್ ಶಾಕ್, ಹೆಸರು ಮಾತ್ರ ಹೊಸದು. ವಯಸ್ಸಾದವರಿಗೆ ಬೇಡ. ಲಿಥಿಯಂಗೂ ಹುಷಾರು ಕಣ್ರೀ. ನಮ್ಮ ಚಿಕ್ಕಪ್ಪ ಲಿಥಿಯಂ ತಗೊಳ್ತಾ ಚೆನ್ನಾಗೇ ಇದ್ದರು, ಒಂದು ಬೇಸಿಗೆಯಲ್ಲಿ ಕೈ ಜೋರಾಗಿ ನಡುಗೋಕೆ ಶುರುವಾಯಿತು, ಭೇದಿ ಆಯಿತು, ಕುಡಿದವರ ಹಾಗೆ ತೂರಾಡುತ್ತಿದ್ದರು, ಕೊನೆಗೆ ಅಡ್ಮಿಟ್ ಮಾಡಬೇಕಾಯಿತು. ಮಂಡಿನೋವಿಗೆ ಅಂಗಡಿಯಲ್ಲಿ ತಂದ ಮಾತ್ರೆ ನುಂಗ್ತಿದ್ದರಂತೆ, ಅದಕ್ಕೇ ರಕ್ತದಲ್ಲಿ ಲಿಥಿಯಂ ಏರಿತು ಅಂದರು.

ಮೈಸೂರು, ಕುವೆಂಪುನಗರ
ಶಾಕ್ ಅಲ್ಲ ಸರ್, ನಾನೇ ಮಾಡಿಸಿಕೊಂಡವಳು. ಪ್ರಜ್ಞೆ ತಪ್ಪಿಸೋದಿಲ್ಲ, ಫಿಟ್ಸ್ ಬರಿಸೋದಿಲ್ಲ. ಕುರ್ಚಿಯಲ್ಲಿ ಕೂರಿಸಿ ತಲೆಯ ಎಡಭಾಗಕ್ಕೆ ಮುಂದೆ ಒಂದು ಕಾಯಿಲ್ ಇಡುತ್ತಾರೆ. ಅದರಿಂದ ಬರೋದು ಕಾಂತದ ಅಲೆ, ಮರಕುಟಿಗ ಕುಕ್ಕಿದ ಹಾಗೆ ಟಕಟಕ ಅಂತ ಬಡಿಯುತ್ತೆ. ಮೊದಲ ದಿನ ಹೆಬ್ಬೆರಳು ಅದಿರೋವರೆಗೆ ಪವರ್ ಏರಿಸಿ ನನಗೆ ಎಷ್ಟು ಬೇಕು ಅಂತ ಅಳತೆ ಮಾಡಿದರು. ಹಳೇ ಪದ್ಧತಿಯಲ್ಲಿ ಸುಮಾರು 37 ನಿಮಿಷ, ನನಗೆ ಮಾಡಿದ್ದು ಮೂರು ನಿಮಿಷದ್ದು. ಎರಡೂ ಹೆಚ್ಚುಕಡಿಮೆ ಒಂದೇ ಅಂತ ಕೆನಡಾದವರು 2018ರಲ್ಲಿ ತೋರಿಸಿದ್ದಾರೆ. ತಲೆನೋವು ಬಂತು, ಒಂದು ವಾರದಲ್ಲಿ ಹೋಯಿತು.

ಕಷ್ಟ ಇರೋದು ಓಡಾಟದಲ್ಲಿ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಮಂಡ್ಯದಿಂದ ದಿನಾ ರೈಲು ಹತ್ತಿಸಿಕೊಂಡು ಬರೋಕೆ ಅಮ್ಮನಿಗೆ ಆಗುತ್ತಾ, ಅದನ್ನ ಮೊದಲು ನೋಡಿ. ನನಗೆ ಮೂರನೇ ವಾರದವರೆಗೆ ಏನೂ ಅನ್ನಿಸಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಯಾರೂ ಹೇಳದೆ ಎದ್ದು ತಲೆ ಬಾಚಿಕೊಂಡಿದ್ದೆ.

ಪಾಂಡವಪುರದಿಂದ
ನಮ್ಮ ಅತ್ತೆಗೂ ಹೀಗೇ ಮಂಕು ಹಿಡಿದಿತ್ತು, ಎಲ್ಟ್ರಾಕ್ಸಿನ್ ಶುರು ಮಾಡಿದ ಮೇಲೆ ಸರಿ ಹೋದರು. ಥೈರಾಯ್ಡ್ ಮಾತ್ರೆ ಸೇರಿಸೋದೂ ಒಂದು ಮೆಟ್ಟಿಲೇ ಅಲ್ವಾ? ಸುಮ್ನೆ ಅದನ್ನೇ ಕೊಟ್ಟು ನೋಡಿ.

ಮೈಸೂರಿನ ಸೈಕಿಯಾಟ್ರಿ ಡಾಕ್ಟರ್
ಸುಮ್ನೆ ಕೊಡಬೇಡಿ. ನಿಮ್ಮ ಅತ್ತೆಗೆ ಥೈರಾಯ್ಡೇ ಕಡಿಮೆ ಇದ್ದಿರಬೇಕು, ಅದಕ್ಕೆ ಎಲ್ಟ್ರಾಕ್ಸಿನ್ ಹಿಡಿಸಿತು. ಖಿನ್ನತೆಗೆ ಸೇರಿಸೋದು ಟಿ3 ಅನ್ನುವ ಬೇರೆ ಮಾತ್ರೆ, ಅದು ಹೃದಯದ ಬಡಿತ ಏರಿಸುತ್ತೆ.

ಕೇಳಿದವರಿಗೆ: ನಾನು ಅಮ್ಮನನ್ನು ನೋಡಿಲ್ಲ, ಹಾಗಾಗಿ ನಿಮ್ಮ ಡಾಕ್ಟರನ್ನು ಏನು ಕೇಳಬೇಕು ಅಂತ ಮಾತ್ರ ಹೇಳುತ್ತೇನೆ. ಎರಡು ಔಷಧ, ಎರಡೂ ಸರಿಯಾದ ಡೋಸಿನಲ್ಲಿ, ಆರರಿಂದ ಎಂಟು ವಾರ ಕೊಟ್ಟೂ ಸೋತರೆ ಜಗ್ಗದ ಖಿನ್ನತೆ ಅನ್ನುತ್ತೇವೆ. ಎಸ್ಸಿಟಾಲೋಪ್ರಾಮ್ 10 ಅನ್ನು ಲೆಕ್ಕಕ್ಕೆ ಹಿಡಿಯಬಹುದು, ವಯಸ್ಸಾದವರಲ್ಲಿ ಬಹಳ ಸಲ ಅಲ್ಲಿಗೇ ನಿಲ್ಲಿಸುತ್ತೇವೆ. ಸರ್ಟ್ರಾಲಿನ್ 50 ಬರೀ ಶುರುವಿನ ಡೋಸು, 200ರವರೆಗೂ ಹೋಗುತ್ತೆ, ಅದೂ ಐದೇ ವಾರ. ನನ್ನ ಲೆಕ್ಕದಲ್ಲಿ ಅಮ್ಮ ಸೋತಿರೋದು ಒಂದೇ ಔಷಧಕ್ಕೆ.

ಇಷ್ಟು ತಿಳಿಸಿ. ಮಾತ್ರೆ ನಿಜವಾಗಿ ನುಂಗ್ತಾರಾ, ಯಾರು ಕೊಡ್ತಾರೆ? ಟಿಎಸ್‌ಎಚ್ ಮತ್ತು ಸೋಡಿಯಂ ನೋಡಿದ್ದಾರಾ? ಬೇರೆ ಯಾವ ಮಾತ್ರೆ ಇದೆ? ಹಿಂದೆ ಯಾವಾಗಾದರೂ ನಿದ್ದೆಯೇ ಇಲ್ಲದೆ ಹುರುಪಾಗಿ ಓಡಾಡಿದ್ದು, ಸಾಲ ಮಾಡಿ ಖರ್ಚು ಮಾಡಿದ್ದು ಉಂಟಾ? ಮತ್ತೆ, ದಿನವಿಡೀ ಬಾಯಲ್ಲಿ ಏನು ಹೇಳ್ತಾರೆ, ಊಟ ಎಷ್ಟು ಮಾಡ್ತಾರೆ?

ಕೇಳಿದವರು
ಮಾತ್ರೆ ನಾನೇ ಕೈಗೆ ಕೊಡ್ತೇನೆ. ಟಿಎಸ್‌ಎಚ್, ಸೋಡಿಯಂ ಎರಡೂ ಸರಿಯಾಗಿದೆ. ಬಿಪಿಗೆ ಟೆಲ್ಮಿಸಾರ್ಟನ್, ಮಂಡಿಗೆ ಆಗಾಗ ಡೈಕ್ಲೋಫೆನಾಕ್. ಹುರುಪು ಗಿರುಪು ಯಾವತ್ತೂ ಇಲ್ಲ. ಊಟ ಅಂದ್ರೆ ದಿನಕ್ಕೆ ಅರ್ಧ ಮುದ್ದೆ, ಅದೂ ಬಲವಂತ ಮಾಡಿದರೆ. ಕರುಳು ಕೊಳೆತುಹೋಗಿದೆ, ತಿಂದದ್ದು ಕೆಳಗೆ ಇಳಿಯಲ್ಲ ಅಂತಾರೆ. ಸ್ಕ್ಯಾನ್ ರಿಪೋರ್ಟ್ ತೋರಿಸಿದರೂ ನಂಬಲ್ಲ. ಅಪ್ಪ ತೀರಿದ್ದು ತನ್ನ ಪಾಪದಿಂದ, ಪೊಲೀಸರು ಬರ್ತಾರೆ ಅಂತ ರಾತ್ರಿ ಬಾಗಿಲ ಹತ್ತಿರ ಕೂತಿರ್ತಾರೆ. ಇದನ್ನ ಡಾಕ್ಟರ ಹತ್ತಿರ ಹೇಳಿಲ್ಲ, ಅಮ್ಮ ಅಲ್ಲಿ ಮಾತೇ ಆಡಲ್ಲ.

ಮೈಸೂರಿನ ಸೈಕಿಯಾಟ್ರಿ ಡಾಕ್ಟರ್
ಇದನ್ನ ನಾಳೆಯೇ ಅವರಿಗೆ ಹೇಳಿ, ಇಲ್ಲಿ ಬರೆದ ಹಾಗೇ, ಅಮ್ಮನ ಮಾತಿನಲ್ಲೇ. ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಸಾಯುವ ಮಾತು ಬಂದರೆ, ಇಲ್ಲಾ ನೀರು ಕುಡಿಯೋದನ್ನೂ ಬಿಟ್ಟರೆ, ಅವತ್ತೇ ಅಡ್ಮಿಟ್ ಮಾಡಿಸಿ. ರಾತ್ರಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ 14416 ಇದೆ.

ನೀವು ಓದಿದ ಲೇಖನದ ಮೆಟ್ಟಿಲುಗಳು ಭ್ರಮೆ ಇಲ್ಲದ ಖಿನ್ನತೆಗೆ. ಅಮ್ಮ ಹೇಳುತ್ತಿರೋದು ಭ್ರಮೆಯ ಹಾಗೆ ಕಾಣುತ್ತೆ. ಭ್ರಮೆ ಇರುವ ಖಿನ್ನತೆ ಒಂಟಿ ಸರ್ಟ್ರಾಲಿನ್‌ಗೆ ಸಾಮಾನ್ಯವಾಗಿ ಬಗ್ಗೋದಿಲ್ಲ. ಇಲ್ಲಿ ಎರಡು ದಾರಿ. ಸರ್ಟ್ರಾಲಿನ್ ಏರಿಸಿ ಜೊತೆಗೆ ಭ್ರಮೆ ತಗ್ಗಿಸೋ ಓಲಾಂಜಪಿನ್ ತರಹದ್ದು ಕೊಡೋದು ಒಂದು. 2009ರ ಒಂದು ದೊಡ್ಡ ಪ್ರಯೋಗದಲ್ಲಿ ಈ ಜೋಡಿಯಿಂದ ನೂರಕ್ಕೆ ಸುಮಾರು 42 ಜನ ಪೂರ್ತಿ ಗುಣವಾದರು, ಓಲಾಂಜಪಿನ್ ಒಂದನ್ನೇ ತಗೊಂಡವರಲ್ಲಿ 24. ಇನ್ನೊಂದು ಇಸಿಟಿ. ಊಟ ಬಿಟ್ಟವರಿಗೆ ವಾರಗಟ್ಟಲೆ ಕಾಯೋಕೆ ಆಗಲ್ಲ, ಹಾಗಾಗಿ ಇಲ್ಲಿ ಇಸಿಟಿ ಕೊನೆಯ ಮೆಟ್ಟಿಲಲ್ಲ, ಮೊದಲೇ ಬರಬಹುದು. ಭ್ರಮೆ ಇದ್ದಾಗ ಆರ್‌ಟಿಎಂಎಸ್ ಅನ್ನು ನಾನು ಆರಿಸಲ್ಲ.

ಲಿಥಿಯಂ ಬಗ್ಗೆ ಮದ್ದೂರಿನವರ ಚಿಕ್ಕಪ್ಪನ ಕಥೆ ನಿಮಗೆ ನೇರ ಅನ್ವಯಿಸುತ್ತೆ. ಟೆಲ್ಮಿಸಾರ್ಟನ್, ಡೈಕ್ಲೋಫೆನಾಕ್, ನೀರು ಊಟ ಕಡಿಮೆ, ಈ ಮೂರೂ ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಅಮ್ಮನಿಗೆ ಮೂರೂ ಇವೆ. ಇವತ್ತಿನ ಸ್ಥಿತಿಯಲ್ಲಿ ಶುರು ಮಾಡೋದು ನನಗೆ ಸರಿ ಕಾಣಲ್ಲ.

ಶ್ರೀರಂಗಪಟ್ಟಣದಿಂದ
ನಮ್ಮ ತಂದೆಗೆ ಇಸಿಟಿ ಆಗಿದೆ. ಸಿನಿಮಾದಲ್ಲಿ ತೋರಿಸೋ ಹಾಗೆ ಕೈಕಾಲು ಕಟ್ಟಿ ಅಲ್ಲ. ಖಾಲಿ ಹೊಟ್ಟೆಯಲ್ಲಿ ಕರಕೊಂಡು ಹೋಗಿ, ಅರಿವಳಿಕೆ ಮತ್ತೆ ಮೈ ಸಡಿಲಾಗೋ ಇಂಜೆಕ್ಷನ್ ಕೊಟ್ಟು ಮಾಡಿದರು. ಅರಿವಳಿಕೆ ಇಲ್ಲದೆ ಮಾಡೋದನ್ನ 2017ರ ಕಾನೂನೇ ನಿಷೇಧಿಸಿದೆ. ಎರಡನೇ ವಾರಕ್ಕೆ ಅವರೇ ಕಾಫಿ ಕೇಳಿದರು. ಆದರೆ ಮರೆವಿನ ಬಗ್ಗೆ ಯಾರೂ ನಮಗೆ ಬಿಡಿಸಿ ಹೇಳಲಿಲ್ಲ, ಅದರ ಬೇಸರ ಈಗಲೂ ಇದೆ. ಅದೇ ತಿಂಗಳಲ್ಲಿ ಆದ ತಂಗಿಯ ನಿಶ್ಚಿತಾರ್ಥ ಅಪ್ಪನಿಗೆ ಇವತ್ತಿಗೂ ನೆನಪಿಲ್ಲ. ಮಾಡಿಸಿದ್ದು ಒಳ್ಳೇದೇ ಆಯಿತು, ಆದರೆ ಕೇಳಿ ತಿಳಕೊಂಡು ಮಾಡಿಸಿ.

ಮದ್ದೂರಿನಿಂದ
ಇಸಿಟಿ ಮುಗಿದ ಮೇಲೆ ತಿರುಗಿ ಬರುತ್ತೆ ಅಂತಾರಲ್ಲ, ಆಗ ಏನು ಮಾಡೋದು?

ಮೈಸೂರಿನ ಸೈಕಿಯಾಟ್ರಿ ಡಾಕ್ಟರ್
ಬರುತ್ತೆ, ಮುಂದೆ ಔಷಧ ಇಲ್ಲದಿದ್ದರೆ ಆರು ತಿಂಗಳೊಳಗೆ ಬಹುಪಾಲು ಜನಕ್ಕೆ. ಆರರಿಂದ ಹನ್ನೆರಡು ಇಸಿಟಿ ಮುಗಿದ ಮೇಲೆ ಖಿನ್ನತೆಯ ಮಾತ್ರೆ ಮುಂದುವರಿಸಬೇಕು. ಅದರ ಜೊತೆಗೆ ಲಿಥಿಯಂ ಇದ್ದರೆ ತಡೆ ಇನ್ನೂ ಚೆನ್ನಾಗಿರುತ್ತೆ.

ಕೇಳಿದವರು
ಅಂದ್ರೆ ಲಿಥಿಯಂ ಆಗಲೂ ಬೇಕಾಗಬಹುದು. ಬಿಪಿ ಮಾತ್ರೆ ಬದಲಿಸಿದರೆ ಆಗುತ್ತಾ? ಇಸಿಟಿ ಅಂದ ಕೂಡಲೇ ಅಣ್ಣ ಬೇಡವೇ ಬೇಡ ಅಂತಿದ್ದಾನೆ, ಅವನನ್ನೂ ಕರಕೊಂಡು ಹೋಗ್ತೇನೆ.

ಮೈಸೂರಿನ ಸೈಕಿಯಾಟ್ರಿ ಡಾಕ್ಟರ್
ಅಣ್ಣ ಖಂಡಿತ ಬರಲಿ. ಬಿಪಿಗೆ ಅಮ್ಲೋಡಿಪಿನ್ ತರಹದ್ದಕ್ಕೆ ಬದಲಿಸಬಹುದಾ ಅಂತ ಫಿಜಿಶಿಯನ್ ಕೇಳಿ, ಮಂಡಿಗೆ ಡೈಕ್ಲೋಫೆನಾಕ್ ಬದಲು ಪ್ಯಾರಾಸಿಟಮಾಲ್. ಅಮ್ಮ ಸರಿಯಾಗಿ ಉಣ್ಣೋಕೆ ಶುರು ಮಾಡಿ, ಕಿಡ್ನಿ ಟೆಸ್ಟು ಸರಿ ಇದ್ದರೆ ಕಡಿಮೆ ಡೋಸಿನಲ್ಲಿ ಲಿಥಿಯಂ ಯೋಚಿಸಬಹುದು. ಶುರು ಮಾಡಿ ಒಂದು ವಾರಕ್ಕೆ ಲೆವೆಲ್ ನೋಡಿಸಿ. ರಾತ್ರಿ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ರಕ್ತ ಕೊಡಬೇಕು, ಬೆಳಗಿನ ಡೋಸ್ ಇದ್ದರೆ ಅದನ್ನು ರಕ್ತ ಕೊಟ್ಟ ಮೇಲೆ ನುಂಗಲಿ.