ಅಪ್‌ಡೇಟ್: ವ್ಯಾಯಾಮದ ಆ್ಯಪ್‌ನ ಕಡಿತ ನಿಂತಿತು

ನಾನು ಕೇಳಿದ್ದು: "ಪುಣೆಯಲ್ಲಿದ್ದೇನೆ. ವ್ಯಾಯಾಮದ ಆ್ಯಪ್ ಒಂದರ ವಾರ್ಷಿಕ ಚಂದಾ 2,999 ರೂಪಾಯಿ ನಾಳೆ ಸಂಜೆ ಕಾರ್ಡಿನಿಂದ ಕಡಿತವಾಗುತ್ತದೆ ಎಂದು ಬ್ಯಾಂಕಿನ ಸಂದೇಶ ಬಂದಿದೆ. ತಡೆಯುವುದು ಹೇಗೆ?"

ಹಣ ಉಳಿಯಿತು. ಆ್ಯಪ್ ಅಳಿಸಿಹಾಕುವ ಸಲಹೆ ಫಲಿಸಲಿಲ್ಲ. ಕಡಿತಕ್ಕೆ ಕೊಟ್ಟ ಅನುಮತಿ ದಾಖಲಾಗಿರುವುದು ಫೋನಿನಲ್ಲಲ್ಲ, ಬ್ಯಾಂಕಿನಲ್ಲಿ. ಕೋಥ್ರೂಡಿನ ಅಕ್ಕ ಹೇಳಿದ್ದೇ ಕೆಲಸಕ್ಕೆ ಬಂತು: ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಇ-ಮ್ಯಾಂಡೇಟ್ ಪಟ್ಟಿ, ಅಂದರೆ ಇಂಥ ಅನುಮತಿಗಳ ಪಟ್ಟಿ, ತೆರೆದು, ಆ ಕಂಪನಿಯ ಹೆಸರು ಹುಡುಕಿ ರದ್ದುಮಾಡಿದೆ. ಆಗ ಒಟಿಪಿ ಕೇಳಿತು. ಹಣವೇ ಹೋದೀತೆಂದು ಕೈ ಹಿಂಜರಿಯಿತು. ಆದರೆ ರದ್ದತಿಗೂ ಇಂಥ ದೃಢೀಕರಣ ಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮವೇ. ಒಟಿಪಿಯ ಸಂದೇಶದಲ್ಲೂ 'ರದ್ದತಿಗಾಗಿ' ಎಂದೇ ಇತ್ತು.

ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ತಿಳಿಸಲೇಬೇಕು, ಸರಿ. ಆದರೆ ಒಮ್ಮೆ ಅನುಮತಿ ಕೊಟ್ಟಿದ್ದರೆ, 15,000 ರೂಪಾಯಿವರೆಗಿನ ಕಡಿತಕ್ಕೆ ಮತ್ತೆ ಒಟಿಪಿ ಕೇಳುವುದಿಲ್ಲ. ಸಂದೇಶ ನೋಡಿ ಸುಮ್ಮನಿದ್ದರೆ ಹಣ ಹೋಗುತ್ತದೆ.